ಹಳೇ ಪಗಾರದ ಸ್ಲಿಪ್ ಯಾಕ ಕೊಡಬೇಕು?

ಹೋದ ತಿಂಗಳು ನಮ್ಮ ತಂಗಿ ಮಗಳು ಹುಬ್ಬಳ್ಳಿಯಿಂದ ಫೋನ್ ಮಾಡಿದ್ಲು. "ದೊಡ್ಡವ್ವಾ, ಬೆಂಗಳೂರಿನ ಕಂಪನ್ಯಾಗ ಇಂಟರ್‌ವ್ಯೂ ಚಲೋ ಆತು. ಈಗ ಕಡೀ ಮೂರು ತಿಂಗಳ ಪಗಾರದ ಸ್ಲಿಪ್ ಕಳಸ್ರಿ ಅಂತಾರ. ಕಳಸ್ಲೇನು?" ಅಂದ್ಲು. ನಾನು ಕಳಸಬ್ಯಾಡ ಅಂದೆ. ಅಷ್ಟ ಹೇಳಿದ್ದಕ್ಕ ನಮ್ಮ ತಂಗಿ ನನ್ನ ಮ್ಯಾಲೆ ಒಂದು ವಾರ ಸಿಟ್ಟಾಗಿದ್ಲು. "ಕೈಗೆ ಬಂದ ಕೆಲಸ ಹಾಳ ಮಾಡಾಕ ಹೊಂಟೀಯಲ್ಲ" ಅಂತ. ಓಣ್ಯಾಗಿನ ನಾಲ್ಕೈದು ಮಂದಿನೂ ಇದನ್ನ ಕೇಳ್ಯಾರ, ಅದಕ್ಕ ಇಲ್ಲೇ ಬರದು ಹಾಕ್ತೀನಿ.

ನಾನು ಸುಮ್ನ ಹೇಳಿದ್ದಲ್ಲ. ಮದುವಿಗಿಂತ ಮೊದಲ ಮತ್ತ ಆಮ್ಯಾಲೂ ಒಂದು ಕಂಪನ್ಯಾಗ ಪಗಾರದ ಲೆಕ್ಕ ಬರಿಯೂ ಕೆಲಸ ಮಾಡೀನಿ. ಹೊಸಬರಿಗೆ ಫೋನ್ ಮಾಡಿ ಸ್ಲಿಪ್ ಕೇಳಿದಾಕಿ ನಾನ ಆಗಿದ್ದೆ. ಸ್ಲಿಪ್ ಬಂದ ಕೂಡ್ಲೇ ನಮ್ಮ ಸಾಹೇಬ್ರು ಏನ ಮಾಡ್ತಿದ್ರು ಗೊತ್ತೇನ್ರಿ? ಆ ಹುಡುಗಿಗೆ ಏನೇನು ಬರ್ತೈತಿ ಅಂತ ನೋಡ್ತಿದ್ದಿಲ್ಲ. ಕ್ಯಾಲ್ಕ್ಯುಲೇಟರ್ ತಗದು, ಹಳೇ ಪಗಾರಕ್ಕ ನೂರಕ್ಕ ಮೂವತ್ತು ಕೂಡಿಸಿ, "ಇಷ್ಟ ಬರಿ" ಅಂತಿದ್ರು. ಆ ಕುರ್ಚಿಗೆ ಅಂತ ಮೊದಲ ತಗದಿಟ್ಟ ರೊಕ್ಕ ಅದಕ್ಕಿಂತ ಎಷ್ಟೋ ಜಾಸ್ತಿ ಇರ್ತಿತ್ತು. ಉಳದದ್ದು ಕಂಪನಿಗೆ.

ನಮ್ಮ ಹುಡುಗಿ ಲೆಕ್ಕಾನ ನೋಡ್ರಿ. ಹುಬ್ಬಳ್ಳ್ಯಾಗ ಒಂದು ಸಣ್ಣ ಆಫೀಸಿನ್ಯಾಗ ಮೂರು ವರ್ಷ ಜಿಎಸ್‌ಟಿ ರಿಟರ್ನ್, ಲೆಡ್ಜರ್ ಎಲ್ಲಾ ಒಬ್ಬಾಕಿನ ನೋಡ್ಯಾಳ. ಕೈಗೆ ಬರೂದು 22,000. ಅದಕ್ಕ ಮೂವತ್ತು ಪರ್ಸೆಂಟ್ ಕೂಡಿಸಿದ್ರ 28,600. ಅದ ಕೆಲಸಕ್ಕ ಬ್ಯಾರೆ ಊರಿಂದ, ಕೈಗೆ 30,000 ಬರೂ ಒಬ್ಬ ಹುಡುಗ ಬಂದ ಅನ್ಕೋರಿ. ಅವಂಗ 39,000. ಕೆಲಸ ಒಂದ, ಮೇಜು ಒಂದ, ಫರಕು ಮಾತ್ರ ತಿಂಗಳಿಗೆ ಹತ್ತು ಸಾವಿರ. ಮತ್ತ ಈ ಫರಕು ಅಲ್ಲಿಗೇ ನಿಲ್ಲಂಗಿಲ್ಲ, ಮುಂದಿನ ಕೆಲಸಕ್ಕೂ ಬೆನ್ನು ಹತ್ತತೈತಿ. ಬಾಣಂತನಕ್ಕಂತ, ಗಂಡನ ವರ್ಗಾವಣೆಗಂತ ಕೆಲಸ ಬಿಟ್ಟು, ಆಮ್ಯಾಲೆ ಸಿಕ್ಕಷ್ಟಕ್ಕ ಹೂಂ ಅಂದ ಹೆಣ್ಣಮಕ್ಕಳಿಗೆ ಇದು ಎಷ್ಟು ಪೆಟ್ಟು ಕೊಡ್ತೈತಿ ಅಂತ ನಾನು ಬ್ಯಾರೆ ಹೇಳಬೇಕೇನು?

ಅಮೆರಿಕಾದ ಕ್ಯಾಲಿಫೋರ್ನಿಯಾ ರಾಜ್ಯದಾಗ 2018ರಿಂದ ಹಳೇ ಪಗಾರ ಕೇಳೂದನ್ನ ಕಾನೂನು ತಡದೈತಿ. ನಮ್ಮ ಕಡೆ ಅಂಥಾ ಕಾನೂನಿಲ್ಲ. ಅಂದ್ರ ಅವರು ಕೇಳಬಹುದು. ನಾವು ಇಲ್ಲ ಅನ್ನಬಹುದು. ಇಲ್ಲ ಅಂದಿದ್ದಕ್ಕ ಅವರು ನಮ್ಮನ್ನ ಬಿಡಲೂಬಹುದು. ಇದನ್ನ ತಿಳಕೊಂಡ ಮುಂದಿಂದು ಮಾಡಬೇಕು.

ಬರೇ ಇಲ್ಲ ಅಂದ್ರ ನಡಿಯಂಗಿಲ್ಲ. ಅವರಿಗೊಂದು ಅಂಕಿ ಬೇಕಾಗಿರ್ತೈತಿ, ಅದನ್ನ ನಾವ ಕೊಡಬೇಕು. ನಾವಿಬ್ರೂ ಕುಂತು ಲೆಕ್ಕ ಹಾಕಿದ್ವಿ. ಬೆಂಗಳೂರಿನ್ಯಾಗ ಇಂಥ ಕೆಲಸ ಮಾಡೂ ಅಕಿ ಇಬ್ಬರು ಗೆಳತ್ಯಾರನ್ನ ಕೇಳಿದ್ಲು, ಜಾಹೀರಾತಿನ್ಯಾಗ ಪಗಾರ ಬರದಿದ್ದಷ್ಟನ್ನೂ ನೋಡಿದ್ಲು. ಪಿಜಿ ಬಾಡಿಗಿ, ಮನಿಗೆ ಕಳಸೂದು ಎಲ್ಲಾ ಹಿಡದು ಕೈಗೆ 38,000 ಬರಬೇಕು ಅಂತ ಆತು. ಕಂಪನ್ಯಾರು ಮಾತಾಡೂದು ಸಿಟಿಸಿ ಲೆಕ್ಕದಾಗ, ಅದು ಕೈಗೆ ಬರೂ ರೊಕ್ಕ ಅಲ್ಲ. ವರ್ಷಕ್ಕ 5.4 ಲಕ್ಷ ಅಂದ್ರ ತಿಂಗಳಿಗೆ 45,000. ಬೇಸಿಕ್ ಅದರ ಅರ್ಧ, 22,500 ಅಂತ ಇಟ್ಕೋರಿ. ಅದರ ಮ್ಯಾಲೆ ಪಿಎಫ್ ನೂರಕ್ಕ ಹನ್ನೆರಡು, 2,700. ಕಂಪನಿ ಹಾಕೂ 2,700 ಸಿಟಿಸಿ ಒಳಗ ಇರ್ತೈತಿ, ನಮ್ಮದು ಮತ್ತೊಂದು 2,700 ಹೋಗ್ತೈತಿ. ಗ್ರಾಚ್ಯುಟಿ ಅಂತ ಸುಮಾರು 1,080, ಪ್ರೊಫೆಷನಲ್ ಟ್ಯಾಕ್ಸ್ 200. ಎಲ್ಲಾ ಕಳದ್ರ ಉಳಿಯೂದು 38,300ರ ಆಸುಪಾಸು. ಹಿಂಗಾಗಿ 5.4 ಲಕ್ಷ ನಮ್ಮ ಕೆಳಗಿನ ಅಂಕಿ ಆತು, ಮ್ಯಾಲಿಂದು 6 ಲಕ್ಷ.

ಇಲ್ಲೊಂದು ಮಾತು. ಕೆಳಗಿನ ಅಂಕಿ ಅನ್ನೂದು ಖುಷಿಯಿಂದ ಒಪ್ಪೂ ಅಂಕಿ ಇರಬೇಕು. ಬಹಳಷ್ಟು ಮಂದಿ ಅದನ್ನ ಹಿಡಕೊಂಡ ಮಾತು ಶುರು ಮಾಡ್ತಾರ. ಎಲ್ಲಿ ಬಿಡ್ತಾರೋ ಅಂತ ಹೆದರಿ ಕೆಳಗ ಇಳಿಸಿ ಹೇಳಿದ್ರ, ಆಮ್ಯಾಲೆ ಅಳೂದು ನಾವ.

ಆಮ್ಯಾಲೆ ಮೇಲ್ ಬರದ್ವಿ. ಅಕಿ ಇಂಗ್ಲಿಷ್‌ನ್ಯಾಗ ಬರದ್ಲು, ಅರ್ಥ ಇಷ್ಟ:

"ನಮಸ್ಕಾರ. ಸಂದರ್ಶನಕ್ಕೆ ಸಮಯ ಕೊಟ್ಟಿದ್ದಕ್ಕೆ ಧನ್ಯವಾದ, ಈ ಕೆಲಸ ನನಗೆ ಇಷ್ಟವಾಗಿದೆ. ಹಿಂದಿನ ಸಂಬಳದ ವಿವರವನ್ನು ನಾನು ಹಂಚಿಕೊಳ್ಳುವುದಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಆ ಊರೂ ಹೊಣೆಯೂ ಬೇರೆ. ಈ ಹುದ್ದೆಗೆ ನನ್ನ ನಿರೀಕ್ಷೆ ವರ್ಷಕ್ಕೆ 5.4ರಿಂದ 6 ಲಕ್ಷ ಸಿಟಿಸಿ. ಕೆಲಸ ಮಾಡಿದ್ದಕ್ಕೆ ಪುರಾವೆಯಾಗಿ ನೇಮಕಾತಿ ಪತ್ರವನ್ನು ಸಂಬಳದ ಪುಟ ಬಿಟ್ಟು ಕಳಿಸುತ್ತೇನೆ. ರಿಲೀವಿಂಗ್ ಲೆಟರನ್ನು ಸೇರುವ ದಿನ ಕೊಡುತ್ತೇನೆ. ನಿಮ್ಮ ಬಜೆಟ್ ಈ ಮಿತಿಯೊಳಗಿದೆಯೇ, ತಿಳಿಸಿ."

ಇದರಾಗ ನನಗ ಮುಖ್ಯ ಅನಸೂದು ಕಡೀ ಪ್ರಶ್ನೆ. ಅದನ್ನ ಬರದ್ರ ಮಾತು ಸ್ಲಿಪ್‌ನಿಂದ ಬಜೆಟ್ ಕಡೆ ಹೊಳ್ಳತೈತಿ. ಮತ್ತ ಪುಟ ಬಿಟ್ಟೀವಿ ಅಂತ ನಾವ ಹೇಳಿಬಿಡಬೇಕು, ಮುಚ್ಚಿ ಕಳಸಬಾರದು. ಕೆಲವು ಹುಡುಗ್ರು ಸ್ಲಿಪ್‌ನ್ಯಾಗಿನ ಅಂಕಿನ ತಿದ್ದಿ ಕಳಸ್ತಾರ, ಇಲ್ಲಾ ಫೋನಿನ್ಯಾಗ ಜಾಸ್ತಿ ಹೇಳ್ತಾರ. ಅದು ಖೋಟಾ ಕೆಲಸ. ಹಿಂದಿನ ಕಂಪನಿಗೆ ಫೋನ್ ಮಾಡಿ ವಿಚಾರಿಸಿದಾಗ ಸಿಕ್ಕಿಬಿದ್ರ, ಸೇರಿದ ಮ್ಯಾಲೂ ತಗದು ಹಾಕ್ತಾರ. ಹೇಳಂಗಿಲ್ಲ ಅನ್ನೂದು ಬ್ಯಾರೆ, ಸುಳ್ಳು ಹೇಳೂದು ಬ್ಯಾರೆ.

ಮೊದಲಿನ ಕಂಪನ್ಯಾರು "ನಮ್ಮ ಪಾಲಿಸಿ, ಎಲ್ಲಾರೂ ಕೊಡ್ತಾರ" ಅಂದ್ರು. ಅಕಿ ಫೋನಿನ್ಯಾಗ ದನಿ ಏರಸ್ಲಿಲ್ಲ. "ಸರ್, ನಿಮ್ಮ ಪದ್ಧತಿ ಅರ್ಥ ಆಗ್ತೈತಿ. ಅಂಕಿ ಹಾಕಿದ ಆಫರ್ ಲೆಟರ್ ಬಂದ ಮ್ಯಾಲೆ ಪರಿಶೀಲನೆಗೆ ಬೇಕಾದ್ರ ಆಗ ಮಾತಾಡೂಣು" ಅಂದ್ಲು. ನಾಕು ದಿನ ಆತು, ಹತ್ತು ದಿನ ಆತು, ಅವರ ಫೋನ್ ಬರಲಿಲ್ಲ. ನಮ್ಮ ತಂಗಿ ಸಿಟ್ಟು ಆ ದಿನಗಳದ್ದು. ಖರೇ ಹೇಳ್ತೀನಿ, ಸಂಜಿಮುಂದ ರೊಟ್ಟಿ ಬಡಿಯೂವಾಗ ನನಗೂ ಎದಿ ಡವಡವ ಅಂತಿತ್ತು. ಕೈಯಾಗ ಹುಬ್ಬಳ್ಳಿ ಕೆಲಸ ಇತ್ತು ಅಂತ ಅಕಿ ತಡಕೊಂಡ್ಲು. ಮನ್ಯಾಗ ಕುಂತಾಕಿಗೆ, ಮುಂದಿನ ತಿಂಗಳ ಬಾಡಿಗಿ ಕಟ್ಟಬೇಕಾದಾಕಿಗೆ ನಾನು ಇದನ್ನ ಇಷ್ಟು ಗಟ್ಟಿ ಹೇಳ್ತಿದ್ದಿಲ್ಲ. ಅಂಥಾಕಿ ಕೊಡೂದಾದ್ರ ಕೊಡ್ಲಿ, ಆದ್ರ ತನ್ನ ಅಂಕಿ ಮೊದಲ ಬರದು ಕಳಿಸಿ ಆಮ್ಯಾಲೆ ಸ್ಲಿಪ್ ಕೊಡ್ಲಿ.

ಎರಡನೇ ಕಂಪನಿಗೂ ಅದ ಮೇಲ್ ಹೋತು. ಅಲ್ಲಿ ಒಬ್ಬ ಬಾಯಾರು ಫೋನ್ ಮಾಡಿ, ಸ್ಲಿಪ್ ಇಲ್ದಿದ್ರ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಆದ್ರೂ ಕೊಡ್ರಿ ಅಂದ್ರು. ಅದೂ ಸ್ಲಿಪ್ ಕೊಟ್ಟಂಗ ಆತಲ್ರಿ, ಪಗಾರ ಬಂದ ತಾರೀಖು, ಅಂಕಿ ಎಲ್ಲಾ ಅದರಾಗ ಇರ್ತೈತಿ. ಅಕಿ ಮತ್ತ ಅದ ಮಾತು ನಗಕೊಂತ ಹೇಳಿ, "ನನ್ನ ಕೆಲಸ ನೋಡಾಕ ಬೇಕಾದ್ರ ಒಂದು ಪರೀಕ್ಷೆ ಕೊಡ್ರಿ" ಅಂದ್ಲು. ಕೊಟ್ರು. ಒಂದು ತಿಂಗಳ ಖರೀದಿ ಲೆಕ್ಕ ತಾಳೆ ಹಾಕೂ ಕೆಲಸ, ಎರಡು ತಾಸಿನ್ಯಾಗ ಮುಗಿಸಿ ಕೊಟ್ಲು. ನಾಕನೇ ದಿನಕ್ಕ 5.6 ಲಕ್ಷದ ಆಫರ್ ಬಂತು.

ಸೇರಿದ ಮ್ಯಾಲೆ ಅಲ್ಲಿ ಅಕೌಂಟ್ಸ್‌ನವರು ಈ ವರ್ಷ ಹಳೇ ಕಂಪನ್ಯಾಗ ಎಷ್ಟು ಬಂದೈತಿ ಅಂತ ಕೇಳ್ಯಾರ. "ಈಗೇನು ಮಾಡ್ಲಿ ದೊಡ್ಡವ್ವಾ?" ಅಂತ ಮತ್ತ ಫೋನು. ಇದನ್ನ ಕೊಡು ಅಂದೆ. ಟಿಡಿಎಸ್ ಸರಿಯಾಗಿ ಹಿಡಿಯಾಕ ಎರಡೂ ಕಡೆ ಆದಾಯ ಕೂಡಿಸಬೇಕಾಗ್ತೈತಿ, ಇಲ್ಲಾಂದ್ರ ವರ್ಷದ ಕಡೀಕ ತೆರಿಗಿ ಬಾಕಿ ಬರಬಹುದು. ಪಗಾರ ಗೊತ್ತಾದ ಮ್ಯಾಲೆ ಆ ಕಾಗದದಿಂದ ಅದನ್ನ ಕಡಿಮಿ ಮಾಡಾಕ ಬರಂಗಿಲ್ಲ. ನಮ್ಮ ತಂಗಿ ಮೊನ್ನೆ ಬಂದಿದ್ಲು. ಸಿಟ್ಟು ಹೋಗೇತಿ, ಆದ್ರ ಮೊದಲಿನ ಕಂಪನಿ ದೊಡ್ಡದಿತ್ತು ಅಂತ ಇನ್ನೂ ಗೊಣಗ್ತಾಳ.