ಘಟ್ಟದಲ್ಲಿ ಇಳಿಯುವವನೇ ಕಾಯಬೇಕು: ಲೈಸೆನ್ಸ್ ಸಿಕ್ಕ ಮಗನಿಗೊಂದು ಪತ್ರ

ಪ್ರೀತಿಯ ಮಗನೇ,



ನಿನ್ನ ಲೈಸೆನ್ಸ್ ಕಾರ್ಡ್ ಬಂದಿದೆ. ಬೈಕು ಮತ್ತು ಕಾರು ಎರಡಕ್ಕೂ ಶಿರಸಿ ಆರ್‌ಟಿಒದವರು ಒಪ್ಪಿಗೆ ಕೊಟ್ಟಿದ್ದಾರೆ. ಅದರ ಬೆನ್ನಿಗೇ ನಿನ್ನ ಮಾಮು ಫೋನ್ ಮಾಡಿದ್ದರು. "ಹುಡುಗನಿಗೆ ಲೈಸೆನ್ಸ್ ಬಂತಲ್ಲ, ಡ್ರೈವರ್ ರಜೆಯಲ್ಲಿದ್ದಾನೆ, ಅನಾನಸ್ ತುಂಬಿದ ಪಿಕಪ್ ಕುಮಟಾಕ್ಕೆ ಮುಟ್ಟಿಸಲಿ, ಹಿಂದೆ ನಾಲ್ಕು ಜನ ಕೆಲಸದವರೂ ಇರುತ್ತಾರೆ" ಎಂದರು. ನಾನು ಬೇಡ ಎಂದೆ. ಅವರಿಗೆ ಬೇಜಾರಾಗಿದೆ, ನಿನಗೂ ಆಗಿರಬಹುದು. ಯಾಕೆ ಬೇಡ ಎಂದೆ ಎಂಬುದನ್ನು ಬರೆದು ತಿಳಿಸುತ್ತಿದ್ದೇನೆ. ಇದೇ ಪತ್ರವನ್ನು ಕಾಲೇಜಿನ ಪತ್ರಿಕೆಗೂ ಕೊಟ್ಟಿದ್ದೇನೆ. ನಿನ್ನ ಓರಗೆಯವರಲ್ಲಿ ಅನೇಕರಿಗೆ ಈ ವರ್ಷ ಹದಿನೆಂಟು ತುಂಬುತ್ತದೆ, ಅವರ ಮನೆಗಳಲ್ಲೂ ಇಂಥ ಫೋನ್ ಬರುತ್ತದೆ.

ಮೊದಲು ಕಾನೂನಿನ ಮಾತು. ಮಾಮು ಹೇಳಿದ್ದರಲ್ಲಿ ಅರ್ಧ ಸರಿ ಇದೆ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು, ಲಘು ವಾಹನದ ಲೈಸೆನ್ಸ್ ಇದ್ದವರು ಒಟ್ಟು 7,500 ಕಿಲೋ ತೂಕದೊಳಗಿನ ಸರಕು ವಾಹನವನ್ನೂ ಓಡಿಸಬಹುದು, ಅದಕ್ಕೆ ಬೇರೆ ಮಂಜೂರಾತಿ ಬೇಕಿಲ್ಲ ಎಂದು ತೀರ್ಪು ಕೊಟ್ಟಿತು. ಪಿಕಪ್ ಆ ತೂಕದೊಳಗೇ ಬರುತ್ತದೆ. ಇದನ್ನು ಮಾಮು ಯಾರದೋ ಬಾಯಲ್ಲಿ ಕೇಳಿದ್ದಾರೆ.

ಅವರಿಗೆ ಗೊತ್ತಿಲ್ಲದ ಇನ್ನರ್ಧ ಇದು. 1988ರ ಮೋಟಾರು ವಾಹನ ಕಾಯ್ದೆಯ 4ನೇ ಕಲಮು ವಯಸ್ಸಿನ ಬಗ್ಗೆ ಎರಡು ಮಾತು ಹೇಳುತ್ತದೆ. ಸಾಮಾನ್ಯ ವಾಹನಕ್ಕೆ ಹದಿನೆಂಟು ಸಾಕು. ಆದರೆ ಬಾಡಿಗೆಯ ಮತ್ತು ಸರಕಿನ ವಾಹನ, ಅಂದರೆ ನಾವು ಹಳದಿ ಬೋರ್ಡ್ ಎನ್ನುವುದನ್ನು, ಸಾರ್ವಜನಿಕ ರಸ್ತೆಯಲ್ಲಿ ಓಡಿಸಲು ಇಪ್ಪತ್ತು ತುಂಬಿರಬೇಕು. ಕೋರ್ಟಿನ ತೀರ್ಪು ಲೈಸೆನ್ಸಿನ ವರ್ಗದ ಬಗ್ಗೆ ಹೇಳಿತೇ ಹೊರತು ಈ ವಯಸ್ಸನ್ನು ಕಡಿಮೆ ಮಾಡಲಿಲ್ಲ. ಹಾಗಾಗಿ ನಿನ್ನ ಕಾರ್ಡಿನಲ್ಲಿ ಏನೇ ಬರೆದಿರಲಿ, ಮಾಮುವಿನ ಪಿಕಪ್ ಇನ್ನೆರಡು ವರ್ಷ ನಿನ್ನದಲ್ಲ. ಪೊಲೀಸರು ಹಿಡಿದರೆ ದಂಡ ಕಟ್ಟಿ ಬರಬಹುದು, ಅದು ಸಣ್ಣದು. ಯಾರಿಗಾದರೂ ಪೆಟ್ಟಾದರೆ ವಿಮಾ ಕಂಪನಿ ಮೊದಲು ನೋಡುವುದೇ ಚಾಲಕನಿಗೆ ಆ ವಾಹನ ಓಡಿಸುವ ಅರ್ಹತೆ ಇತ್ತೇ ಎಂಬುದನ್ನು. ಇಲ್ಲವೆಂದಾದರೆ, ಪೆಟ್ಟಾದವರಿಗೆ ಕಂಪನಿ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕರಿಂದ ವಸೂಲು ಮಾಡಲು ಹೊರಡುತ್ತದೆ. ಮಾಮುವಿನ ತೋಟ ಹೋಗುವುದು ಹಾಗೆ. ಅವರ ಮಾತಿಗೆ ಇಲ್ಲವೆನ್ನುವುದು ಅವರಿಗೆ ಮಾಡುವ ಅಗೌರವವಲ್ಲ.

ಎರಡನೆಯದು, "ಹಿಂದೆ ನಾಲ್ಕು ಜನ" ಎಂಬ ಮಾತು. ನಮ್ಮ ಕಡೆ ಮದುವೆ, ಉರೂಸ್, ಸಂತೆ, ತೋಟದ ಕೆಲಸ, ಯಾವುದಕ್ಕಾದರೂ ಸರಕಿನ ಗಾಡಿಯ ಹಿಂದೆ ಜನ ಹತ್ತುವುದು ರೂಢಿ. 2025ರ ಜನವರಿ 22ರ ಬೆಳಗಿನ ಜಾವ ಯಲ್ಲಾಪುರ ತಾಲೂಕಿನ ಘಟ್ಟದ ಹೆದ್ದಾರಿಯಲ್ಲಿ ಆದದ್ದು ನಿನಗೆ ನೆನಪಿರಬೇಕು. ಹಾವೇರಿ ಜಿಲ್ಲೆಯ ಸವಣೂರಿನ ತರಕಾರಿ, ಹಣ್ಣು ವ್ಯಾಪಾರಿಗಳು ಮಾಲಿನ ಜೊತೆ ಅದೇ ಲಾರಿಯಲ್ಲಿ ಕುಮಟಾ ಸಂತೆಗೆ ಹೊರಟಿದ್ದರು. ಇಪ್ಪತ್ತೈದಕ್ಕೂ ಹೆಚ್ಚು ಜನ. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಹೋದ ಲಾರಿ ಎಡಕ್ಕೆ ತೀರಾ ಸರಿದು ಸುಮಾರು 50 ಮೀಟರ್ ಆಳದ ಕಣಿವೆಗೆ ಉರುಳಿತು ಎಂದು ಪೊಲೀಸರು ಹೇಳಿದರು. ಆ ಜಾಗದಲ್ಲಿ ಕಣಿವೆಯ ಕಡೆಗೆ ತಡೆಗೋಡೆ ಇರಲಿಲ್ಲ. ಹತ್ತು ಜನ ತೀರಿಕೊಂಡರು. ದುಡಿದು ತಿನ್ನುವ ಬಡವರು, ಹೆಚ್ಚಿನವರು ನಮ್ಮದೇ ಸಮುದಾಯದವರು. ಅಲ್ಲಾಹನು ಅವರಿಗೆ ಮಗ್‌ಫಿರತ್ ಕೊಡಲಿ.

ಅವರು ತಪ್ಪು ಮಾಡಿದರು ಎಂದು ಬೆರಳು ತೋರಿಸಲು ಇದನ್ನು ಹೇಳುತ್ತಿಲ್ಲ. ಆ ಹೊತ್ತಿಗೆ ಸಂತೆಗೆ ಮುಟ್ಟಿಸುವ ಬಸ್ಸಿಲ್ಲದಿದ್ದರೆ, ಮಾಲಿನ ಜೊತೆಗೇ ಹೋಗದಿದ್ದರೆ ವ್ಯಾಪಾರವಿಲ್ಲದಿದ್ದರೆ, ಬಡವ ಏನು ಮಾಡಬೇಕು? ಇದಕ್ಕೆ ಉತ್ತರ ಕೊಡಬೇಕಾದವರು ಬೇರೆ ಇದ್ದಾರೆ. ಆದರೆ ಚಾಲಕನಾಗಿ ನಿನಗೆ ಗೊತ್ತಿರಬೇಕಾದದ್ದು ಇಷ್ಟು. ಕಾರಿನಲ್ಲಿ ಸೀಟಿದೆ, ಬೆಲ್ಟಿದೆ, ಮೇಲೆ ಗಟ್ಟಿ ಚಾವಣಿ ಇದೆ. ಮೂಟೆಗಳ ಮೇಲೆ ಕುಳಿತವನಿಗೆ ಇದಾವುದೂ ಇಲ್ಲ. ಗಾಡಿ ಮಗುಚಿದರೆ ಮೊದಲು ಅವನು ಬೀಳುತ್ತಾನೆ, ಆಮೇಲೆ ಮಾಲು ಅವನ ಮೇಲೆ ಬೀಳುತ್ತದೆ. ಜನ ಮೇಲೆ ಕುಳಿತಷ್ಟೂ ಗಾಡಿಯ ಗುರುತ್ವ ಕೇಂದ್ರ ಮೇಲೇರುತ್ತದೆ, ತಿರುವಿನಲ್ಲಿ ಅದು ಬೇಗ ವಾಲುತ್ತದೆ. ಭೌತಶಾಸ್ತ್ರ ಓದುವ ನಿನಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಮಾಲಿನ ಮಾಲೀಕನಿಗೆ ವಿಮೆಯ ರಕ್ಷಣೆ ಇದೆ ನಿಜ, ಆದರೆ ಅದು ಕ್ಯಾಬಿನ್ನಿನ ಸೀಟಿನಲ್ಲಿ ಕುಳಿತವನಿಗೆ. ಸುಮ್ಮನೆ ಹಿಂದೆ ಹತ್ತಿಸಿಕೊಂಡವನಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2003ರಲ್ಲೇ ಹೇಳಿದೆ. ಇಪ್ಪತ್ತು ತುಂಬಿದ ಮೇಲೂ ನೀನು ಪಿಕಪ್ ಹಿಂದೆ ಜನರನ್ನು ಹತ್ತಿಸಬಾರದು.

ಇನ್ನು ನೀನು ಓಡಿಸಬಹುದಾದ ನಮ್ಮ ಮನೆಯ ಕಾರಿನ ಮಾತು. ಲೈಸೆನ್ಸಿನ ಪರೀಕ್ಷೆ ಸಮತಟ್ಟಾದ ಜಾಗದಲ್ಲಿ ನಡೆಯುತ್ತದೆ. ನಮ್ಮ ಊರಿನಿಂದ ಸಮುದ್ರದ ಕಡೆ ಹೋಗಬೇಕಾದರೆ ಘಟ್ಟ ಇಳಿಯದೆ ದಾರಿ ಇಲ್ಲ. ಶಿರಸಿಯಿಂದ ದೇವಿಮನೆ, ಸಿದ್ದಾಪುರದಿಂದ ದೊಡ್ಮನೆ, ಯಲ್ಲಾಪುರದಿಂದ ಅರಬೈಲ್. ಈ ಮೂರರಲ್ಲೂ ಒಂದೇ ಪಾಠ: ಇಳಿಜಾರಿನಲ್ಲಿ ಗಾಡಿಯನ್ನು ಹಿಡಿಯಬೇಕಾದ್ದು ಗೇರು, ಬ್ರೇಕ್ ಅಲ್ಲ.

ಲೆಕ್ಕ ಹಾಕಿ ನೋಡು. ಜನ ಸೇರಿ 1,200 ಕಿಲೋ ತೂಕದ ಕಾರು 300 ಮೀಟರ್ ಎತ್ತರ ಇಳಿಯಿತು ಎಂದುಕೋ. ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು 36 ಲಕ್ಷ ಜೌಲ್ ಶಕ್ತಿ. ಕಾರಿನ ವೇಗ ಹೆಚ್ಚಬಾರದೆಂದರೆ ಇಷ್ಟೂ ಶಕ್ತಿ ಎಲ್ಲಾದರೂ ಶಾಖವಾಗಿ ಹೋಗಲೇಬೇಕು. ಸುಮಾರು 11 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಅದು. ಗಾಳಿ ಮತ್ತು ಟೈರು ಸ್ವಲ್ಪ ತೆಗೆದುಕೊಳ್ಳುತ್ತವೆ. ಕಾರು ಎರಡನೇ ಗೇರಿನಲ್ಲಿದ್ದರೆ ಇಂಜಿನ್ ದೊಡ್ಡ ಪಾಲನ್ನು ತೆಗೆದುಕೊಳ್ಳುತ್ತದೆ. ನೀನು ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸಲು ಹೊರಟರೆ ಉಳಿದದ್ದೆಲ್ಲ ನಾಲ್ಕು ಚಕ್ರಗಳ ಬ್ರೇಕಿನ ಮೇಲೆ ಬೀಳುತ್ತದೆ. ವಿಚಿತ್ರವೆಂದರೆ ಅದರಿಂದ ಪೆಟ್ರೋಲೂ ಉಳಿಯುವುದಿಲ್ಲ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ಉರಿಯುತ್ತಲೇ ಇರಲು ಇಂಧನ ಬೇಕು.

ಬ್ರೇಕ್ ಕಾದದ್ದು ಹೇಗೆ ಗೊತ್ತಾಗುತ್ತದೆ? ಮೊದಲು ಸುಟ್ಟ ವಾಸನೆ ಬರುತ್ತದೆ. ಆಮೇಲೆ ಪೆಡಲ್ ಗಟ್ಟಿಯಾಗಿಯೇ ಇದ್ದರೂ ಗಾಡಿ ಮೊದಲಿನಂತೆ ಹಿಡಿಯುವುದಿಲ್ಲ. ಬ್ರೇಕ್ ಎಣ್ಣೆಯೇ ಕುದಿಯತೊಡಗಿದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ವಾಸನೆ ಬಂದ ಕೂಡಲೇ ಗೇರು ಇಳಿಸು, ಅಗಲವಾದ ಜಾಗ ಸಿಕ್ಕಲ್ಲಿ ನಿಲ್ಲಿಸು, ತಾನಾಗಿ ತಣಿಯಲು ಬಿಡು. ನೀರು ಹೊಯ್ಯಬೇಡ, ಕಾದ ಡಿಸ್ಕ್ ಸೊಟ್ಟಗಾಗಬಹುದು. ಎಂಥ ಸಂದರ್ಭದಲ್ಲೂ ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಬೇಡ. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎರಡು ಮೂರು ಒತ್ತಿಗೆ ಮುಗಿಯುತ್ತದೆ, ಸ್ಟೇರಿಂಗೂ ಭಾರವಾಗುತ್ತದೆ. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಡ್ರೈವರುಗಳ ಮಾತು ಇವತ್ತಿಗೂ ನಿಜ. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಬೇಕು, ವೇಗ ಹತ್ತಿದ ಮೇಲಲ್ಲ.

ಕೊನೆಯದು ದಾರಿ ಬಿಡುವ ನಿಯಮ. ಎರಡು ಗಾಡಿ ಸಲೀಸಾಗಿ ದಾಟಲಾಗದ ಕಡಿದಾದ ರಸ್ತೆಯಲ್ಲಿ, ಹತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು ಎಂದು ಚಾಲನಾ ನಿಯಮಗಳು ಹೇಳುತ್ತವೆ. ಕಾರಣ ಸುಲಭ. ಭಾರ ಹೊತ್ತು ಹತ್ತುವವನು ಏರಿನಲ್ಲಿ ನಿಂತರೆ ಮತ್ತೆ ಎಬ್ಬಿಸುವುದು ಕಷ್ಟ, ಹಿಂದಕ್ಕೆ ಜಾರುವ ಭಯ ಬೇರೆ. ಆದ್ದರಿಂದ ಇಳಿಯುವ ನೀನು, ಎದುರು ಲಾರಿ ಕಂಡ ಕೂಡಲೇ, ಅಗಲ ಇರುವಲ್ಲೇ ನಿಂತು ಕಾಯಬೇಕು. ಹತ್ತಿರ ಹೋಗಿ ಎಡಕ್ಕೆ ಒತ್ತರಿಸಿ ಜಾಗ ಮಾಡಿಕೊಳ್ಳುತ್ತೇನೆ ಎಂಬ ಧೈರ್ಯ ಬೇಡ. ಮೊದಲು ವೇಗ ಇಳಿಸು, ಆಮೇಲೆ ಸರಿ. ಡಾಂಬರಿನ ಅಂಚಿನಾಚೆಯ ಮಣ್ಣನ್ನು ರಸ್ತೆ ಎಂದು ಎಣಿಸಬೇಡ, ಅದರಲ್ಲೂ ಮಳೆಗಾಲದಲ್ಲಿ. ಮೇಲೆ ಹುಲ್ಲು ಹಸಿರಾಗಿದ್ದರೂ ಕೆಳಗೆ ನೀರು ಕೊರೆದಿರುತ್ತದೆ. ಕತ್ತಲಲ್ಲಂತೂ ಎದುರು ಬೆಳಕಿಗೆ ಕಣ್ಣು ಕುರುಡಾದ ಗಳಿಗೆಯಲ್ಲಿ ಅಂಚು ಕಾಣುವುದೇ ಇಲ್ಲ.

ಈ ಹಕ್ಕಿಗೂ ಒಂದು ಮಿತಿ ಇದೆ. ನೀನು ಹತ್ತುತ್ತಿರುವಾಗ ಮೇಲಿಂದ ಲೋಡ್ ಲಾರಿ ಬಂದರೆ, ಹಕ್ಕು ನನ್ನದು ಎಂದು ನಡುರಸ್ತೆಯಲ್ಲಿ ನಿಲ್ಲಬೇಡ. ಅವನ ಬ್ರೇಕ್ ಎಷ್ಟು ಕಾದಿದೆ ಎಂಬುದು ನಿನಗೆ ಕಾಣುವುದಿಲ್ಲ. ಸುರಕ್ಷಿತವಾಗಿ ಬಿಡಲು ಜಾಗವಿದ್ದರೆ ಬಿಟ್ಟುಬಿಡು.

ಹುಕೂಕುಲ್ ಇಬಾದ್ ಎಂದರೆ ಸಾಲ, ಆಸ್ತಿಯ ಲೆಕ್ಕ ಮಾತ್ರ ಎಂದು ತಿಳಿಯಬೇಡ. ಎದುರಿನಿಂದ ಬರುವ ಅಪರಿಚಿತ ಚಾಲಕ, ಅವನ ಪಕ್ಕ ನಿದ್ದೆಗಣ್ಣಿನಲ್ಲಿ ಕುಳಿತವನು, ತಿರುವಿನಾಚೆ ನಡೆದು ಬರುವ ಹೆಂಗಸು, ಇವರೆಲ್ಲರಿಗೂ ರಸ್ತೆಯ ಮೇಲೆ ನಿನ್ನಿಂದ ಬರಬೇಕಾದ ಹಕ್ಕಿದೆ. ಒಂಟೆಯನ್ನು ಕಟ್ಟಿದ ಮೇಲೆ ತವಕ್ಕುಲ್ ಎಂಬ ಬುದ್ಧಿಮಾತು ನೀನೂ ಮದರಸಾದಲ್ಲಿ ಕೇಳಿದ್ದೀಯ. ಘಟ್ಟದಲ್ಲಿ ಒಂಟೆ ಕಟ್ಟುವುದೆಂದರೆ ಎರಡನೇ ಗೇರು.

ಮುಂದಿನ ಒಂದು ತಿಂಗಳು ಘಟ್ಟ ಇಳಿಯುವಾಗ ನಾನು ಪಕ್ಕದ ಸೀಟಿನಲ್ಲಿರುತ್ತೇನೆ. ಹಗಲಲ್ಲಿ ಮೊದಲು, ಮಳೆಯಲ್ಲಿ ಆಮೇಲೆ, ರಾತ್ರಿ ಕೊನೆಗೆ. ಮಾಮುವಿಗೆ ಅನಾನಸ್ ಸಾಗಿಸಲು ಬೇರೆ ಡ್ರೈವರನ್ನು ನಾನೇ ಗೊತ್ತುಮಾಡಿದ್ದೇನೆ, ಕೆಲಸದವರು ಬಸ್ಸಿನಲ್ಲಿ ಬರುತ್ತಾರೆ.

ದುಆಗಳೊಂದಿಗೆ,
ನಿನ್ನ ಅಬ್ಬಾ