ಅದಲುಬದಲಾದ ಲೆಕ್ಕಪತ್ರ

ನಂದಿಯ ಸುತ್ತಣ ನಾಲ್ಕು ಊರುಗಳಲ್ಲಿ ನಮ್ಮ ಜವಳಿ ಅಂಗಡಿಯ ಶಾಖೆಗಳುಂಟು. ಒಂದೇ ನಮೂನೆಯಿಂದ ಶಾಖೆಗೊಂದು ಪಿಡಿಎಫ್ ಲೆಕ್ಕಪತ್ರ ಸಿದ್ಧವಾಗಿ ಆಯಾ ಮ್ಯಾನೇಜರಿಗೆ ಇಮೇಲಿನಲ್ಲಿ ಹೋಗುತ್ತದೆ. ಕಳೆದ ತಿಂಗಳು ಗೌರಿಬಿದನೂರಿನ ಅಂಕಿಗಳು ಚಿಕ್ಕಬಳ್ಳಾಪುರಕ್ಕೂ, ಅಲ್ಲಿಯವು ಗೌರಿಬಿದನೂರಿಗೂ ಹೋದುವು. ಲೆಕ್ಕದ ಪಟ್ಟಿ ಕನ್ನಡದ ಅಕಾರಾದಿಯಲ್ಲಿದ್ದಿತು: ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ. ವಿಳಾಸದ ಪಟ್ಟಿಯಾದರೋ ಇಂಗ್ಲಿಷ್ ಅಕ್ಷರಕ್ರಮದಲ್ಲಿದ್ದು, ಅಲ್ಲಿ ಚಿಕ್ಕಬಳ್ಳಾಪುರ ಮೊದಲನೆಯದು, ಗೌರಿಬಿದನೂರು ಮೂರನೆಯದು. ಸಾಲಿಗೆ ಸಾಲು ಜೋಡಿಸಿದುದೇ ತಪ್ಪು. ಚಿಂತಾಮಣಿ ಎರಡರಲ್ಲಿಯೂ ಎರಡನೆಯದು. ನಾವು ಪರೀಕ್ಷಿಸಿದುದು ಅದೊಂದನ್ನೇ! ಒಟ್ಟು ಮೊತ್ತವೂ ಸರಿಯಾಗಿಯೇ ಇದ್ದಿತು.

ಈಗ ಎರಡು ಪಟ್ಟಿಗಳಲ್ಲಿಯೂ ಶಾಖೆಗೊಂದು ಸಂಕೇತವಿದ್ದು, ವಿಳಾಸವನ್ನು ಅದರಿಂದಲೇ ಹುಡುಕುತ್ತೇವೆ. ಪತ್ರದೊಳಗೂ ಅದೇ ಸಂಕೇತ ಮೂಡುತ್ತದೆ. ನಾಲ್ಕನ್ನೂ ಮೊದಲು ನಮಗೇ ಕಳುಹಿಸಿಕೊಂಡು, ಸಂಕೇತಕ್ಕೂ ವಿಳಾಸಕ್ಕೂ ತಾಳೆ ನೋಡಿದ ಮೇಲೆಯೇ ಮ್ಯಾನೇಜರರಿಗೆ ಕಳುಹಿಸುತ್ತೇವೆ.