ಜಜ್ಜಿದ್ದು ಬೇರೆ, ಕೊಳೆತದ್ದು ಬೇರೆ

ಆನ್‌ಲೈನಲ್ಲಿ ತರಿಸಿದ ತರಕಾರಿ ಕೆಟ್ಟಿದ್ರೆ ನಮ್ಮಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಮಾಡ್ತೀವಿ. ಒಂದೋ "ಹೋಗ್ಲಿ ಬಿಡೋ, ಇಪ್ಪತ್ತು ರೂಪಾಯಿ" ಅಂತ ಕಸದ ಬುಟ್ಟಿಗೆ ಹಾಕ್ತೀವಿ, ಇಲ್ಲಾ ಆ್ಯಪ್ ತೆಗೆದು ಡೆಲಿವರಿ ಹುಡುಗನಿಗೆ ಒಂದು ಸ್ಟಾರ್ ಕೊಡ್ತೀವಿ. ಎರಡೂ ತಪ್ಪು ಅನ್ನೋದು ನನ್ನ ವಾದ. ಸರಿಯಾದ ದಾರಿ ಅಂದ್ರೆ ಫೋಟೋ ಇಟ್ಟು ಒಂದು ಪುಟದ ದೂರು ಪತ್ರ ಬರೆಯೋದು. ಆ ಪತ್ರದಲ್ಲಿ "ಜಜ್ಜಿದೆ" ಮತ್ತು "ಕೊಳೆತಿದೆ" ಅನ್ನೋದನ್ನ ಬೇರೆ ಬೇರೆ ಬರೀಬೇಕು. ಯಾಕಂದ್ರೆ ಈ ಎರಡು ತಪ್ಪು ಮಾಡಿದವರು ಬೇರೆ ಬೇರೆ.

ಟೊಮ್ಯಾಟೊ ಮೇಲೆ ಎರಡು ಲೀಟರ್ ಎಣ್ಣೆ ಕ್ಯಾನ್ ಇಟ್ರೆ ಅದು ಜಜ್ಜಿ ಹೋಗುತ್ತೆ. ಒಳಗಿನ ಜೀವಕೋಶಗಳು ಒಡೆದು ಆ ಜಾಗ ಮೆತ್ತಗಾಗುತ್ತೆ, ನೀರು ತುಂಬಿದ ಹಾಗೆ ಕಾಣುತ್ತೆ, ಒಂದು ಕಡೆ ಚಪ್ಪಟೆಯಾಗುತ್ತೆ. ಆದ್ರೆ ನಾತ ಇರಲ್ಲ, ಬೂಷ್ಟು ಇರಲ್ಲ. ಇದು ಪ್ಯಾಕ್ ಮಾಡುವಾಗ ಅಥವಾ ದಾರಿಯಲ್ಲಿ ಆಗಿರಬಹುದು. ಆವತ್ತೇ ಸಾರಿಗೆ ಹಾಕಿದ್ರೆ ಏನೂ ತೊಂದರೆ ಇಲ್ಲ.

ಕೊಳೆಯೋದು ಹಾಗಲ್ಲ. ಅದು ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ಕೆಲಸ, ಅದಕ್ಕೆ ಟೈಮ್ ಬೇಕು. ತೊಟ್ಟಿನ ಸುತ್ತ ಬಿಳಿ ಅಥವಾ ಕಪ್ಪು ಬೂಷ್ಟು ಕಣ್ಣಿಗೆ ಕಾಣೋವಷ್ಟು ಬೆಳೀಬೇಕಂದ್ರೆ ಸಾಮಾನ್ಯವಾಗಿ ದಿನಗಳೇ ಹಿಡಿಯುತ್ತೆ. ಬೀನ್ಸ್ ಲೋಳೆ ಬರೋದೂ ಹಾಗೇ. ತಣ್ಣಗಿನ ಕೋಣೆಯಿಂದ ಹೊರಗೆ ತೆಗೆದಾಗ ಪ್ಲಾಸ್ಟಿಕ್ ಕವರ್ ಒಳಗೆ ನೀರಿನ ಹನಿ ಕೂರುತ್ತೆ, ಆ ತೇವದಲ್ಲೇ ಬ್ಯಾಕ್ಟೀರಿಯಾ ಬೆಳೆಯುತ್ತೆ. ಗೋದಾಮಿಂದ ನಮ್ಮ ಬಾಗಿಲಿಗೆ ಹದಿನೈದು ನಿಮಿಷದಲ್ಲಿ ಬಂದ ಹುಡುಗನ ಬ್ಯಾಗಲ್ಲಿ ಟೊಮ್ಯಾಟೊಗೆ ಬೂಷ್ಟು ಬರೋಕೆ ಸಾಧ್ಯಾನೇ ಇಲ್ಲ. ಅದು ಗೋದಾಮಲ್ಲೇ ಕೆಟ್ಟಿತ್ತು, ಆರಿಸಿ ತೆಗೆಯಬೇಕಾದವರು ತೆಗೆದಿಲ್ಲ. ಹಾಗಿರುವಾಗ ಒಂದು ಸ್ಟಾರ್ ಯಾಕೆ ಆ ಹುಡುಗನ ತಲೆ ಮೇಲೆ ಬೀಳಬೇಕು?

ಈಗ ನಮ್ಮ ರೂಮಿನ ಕೇಸನ್ನೇ ತಗೊಳ್ಳಿ. ನಾವು ನಾಲ್ಕು ಜನ ಸೇರಿ ಅಡುಗೆ ಮಾಡ್ಕೋತೀವಿ. ಒಂದು ಆನ್‌ಲೈನ್ ಕಿರಾಣಿ ಕಂಪನಿಯಿಂದ ಒಂದು ಕೆಜಿ ಟೊಮ್ಯಾಟೊ ₹36ಕ್ಕೆ, ಅರ್ಧ ಕೆಜಿ ಬೀನ್ಸ್ ₹40ಕ್ಕೆ, ಒಂದು ಕಟ್ಟು ಕೊತ್ತಂಬರಿ ₹15ಕ್ಕೆ ತರಿಸಿದ್ವಿ. ಮೂರರಲ್ಲೂ ಕೆಟ್ಟದ್ದು ಇತ್ತು. ಆ್ಯಪಿನ ಚಾಟಲ್ಲಿ ಹೇಳಿದ್ರೆ "ಕ್ಷಮಿಸಿ" ಅಂತ ಹೇಳಿ ಮುಂದಿನ ಆರ್ಡರಿಗೆ ₹15 ಕೂಪನ್ ಕೊಟ್ರು. ಕೂಪನ್ ಅಂದ್ರೆ ಮತ್ತೆ ಅವರ ಹತ್ರಾನೇ ಕೊಂಡ್ರೆ ಮಾತ್ರ ಸಿಗೋ ದುಡ್ಡು. ನಾವು ಅದನ್ನ ಬೇಡ ಅಂದು ಪತ್ರ ಬರೆದ್ವಿ.

ಪತ್ರಕ್ಕಿಂತ ಮೊದಲು ಫೋಟೋ. ಒಂದೇ ಒಂದು ಕ್ಲೋಸಪ್ ಕಳಿಸಿದ್ರೆ ಅದು ಯಾರ ಮನೆಯ ಟೊಮ್ಯಾಟೊ ಅಂತ ಯಾರಿಗೂ ಗೊತ್ತಾಗಲ್ಲ. ಅದಕ್ಕೆ ನಾವು ನಾಲ್ಕು ತೆಗೆದಿದ್ವಿ. ಮೊದಲನೇದು, ಬಿಚ್ಚದ ಕವರ್, ಅದರ ಮೇಲಿನ ಆರ್ಡರ್ ನಂಬರ್ ಓದೋ ಹಾಗೆ. ಎರಡನೇದು, ಪೇಪರ್ ಮೇಲೆ ಹರಡಿದ ಪೂರ್ತಿ ತರಕಾರಿ; ಹನ್ನೆರಡು ಟೊಮ್ಯಾಟೊದಲ್ಲಿ ಎಷ್ಟು ಕೆಟ್ಟಿದೆ ಅಂತ ಎಣಿಸೋಕೆ ಆಗ್ಬೇಕು. ಮೂರನೇದು, ಕತ್ತರಿಸಿದ ಟೊಮ್ಯಾಟೊದ ಒಳಭಾಗ, ಯಾಕಂದ್ರೆ ತೊಟ್ಟಿನಿಂದ ಒಳಗೆ ಇಳಿದ ಕಪ್ಪು ಹೊರಗಿಂದ ಕಾಣಲ್ಲ. ನಾಲ್ಕನೇದು, ಕೆಟ್ಟದ್ದನ್ನ ಮಾತ್ರ ಅಡುಗೆಮನೆ ತಕ್ಕಡಿ ಮೇಲೆ ಇಟ್ಟು ತೂಕದ ಸಮೇತ. ಬದನೆಕಾಯಿ ಆಗಿದ್ರೆ ಇನ್ನೊಂದು ಎಚ್ಚರ ಬೇಕು: ಒಳ್ಳೇ ಬದನೆಕಾಯಿ ಕೂಡ ಕತ್ತರಿಸಿದ ಸ್ವಲ್ಪ ಹೊತ್ತಿಗೆ ಗಾಳಿ ತಾಗಿ ಕಂದಾಗುತ್ತೆ. ಅದಕ್ಕೆ ಹೆಚ್ಚಿದ ತಕ್ಷಣ ತೆಗೀಬೇಕು. ಹೆಚ್ಚಿದ ಕ್ಷಣದಲ್ಲೇ ಕಂದಾಗಿದ್ರೆ ಅದು ಹಳೇ ಕಥೆ.

ಎಲ್ಲಾನೂ ಫ್ರಿಜ್ಜಿಗೆ ಇಡೋ ಮುಂಚೆ ಆಗ್ಬೇಕು. ಡೆಲಿವರಿ ಆಗಿದ್ದು 7:42ಕ್ಕೆ, ನಮ್ಮ ಮೊದಲ ಫೋಟೋ 7:49ಕ್ಕೆ. ಈ ಏಳು ನಿಮಿಷವೇ ನಮ್ಮ ದೊಡ್ಡ ಸಾಕ್ಷಿ. ಮಾರನೇ ದಿನ ತೆಗೆದಿದ್ರೆ "ನಿಮ್ಮ ಮನೇಲೇ ಕೆಟ್ಟಿದೆ" ಅಂತ ಅವರು ಹೇಳಬಹುದು, ಹೇಳಿದ್ರೆ ತಪ್ಪೂ ಅಲ್ಲ. ಸಮಯ ಫೋಟೋ ಫೈಲಿನ ಒಳಗೇ ಸೇರಿರುತ್ತೆ. ಆದ್ರೆ ವಾಟ್ಸಾಪಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಆ ಮಾಹಿತಿ ಅಳಿಸಿಹೋಗುತ್ತೆ, ಚಿತ್ರಾನೂ ಮಸುಕಾಗುತ್ತೆ. ಅದಕ್ಕೆ ಮೂಲ ಫೈಲನ್ನೇ ಇಮೇಲಿಗೆ ಲಗತ್ತಿಸಬೇಕು. ಅದೂ ನೂರಕ್ಕೆ ನೂರು ಪುರಾವೆ ಅಲ್ಲ, ಫೋನಿನ ಗಡಿಯಾರ ಬದಲಾಯಿಸಬಹುದು. ಆದ್ರೆ ಆರ್ಡರ್ ನಂಬರ್, ಸಮಯ, ತೂಕ ಮೂರೂ ಒಂದಕ್ಕೊಂದು ಹೊಂದಿದಾಗ ಅಲ್ಲಗಳೆಯೋದು ಕಷ್ಟ.

ಪತ್ರದ ಮುಖ್ಯ ಭಾಗ ಹೀಗಿತ್ತು:

"ಮಾನ್ಯರೇ, ಮೇಲಿನ ಆರ್ಡರ್ ನಿನ್ನೆ ಸಂಜೆ 7:42ಕ್ಕೆ ತಲುಪಿದೆ. ಕೊಳೆತದ್ದು: ಟೊಮ್ಯಾಟೊ 3, ತೂಕ 250 ಗ್ರಾಂ, ತೊಟ್ಟಿನ ಬಳಿ ಬೂಷ್ಟು, ಬೀನ್ಸ್ 150 ಗ್ರಾಂ, ಲೋಳೆ ಮತ್ತು ನಾತ, ಕೊತ್ತಂಬರಿ ಪೂರ್ತಿ ಕಟ್ಟು. ಜಜ್ಜಿದ್ದು: ಟೊಮ್ಯಾಟೊ 2. ಜಜ್ಜಿದವನ್ನು ನಾವು ಅಡುಗೆಗೆ ಬಳಸಿದ್ದೇವೆ, ಅದಕ್ಕೆ ಹಣ ಕೇಳುತ್ತಿಲ್ಲ. ಕೊಳೆತದ್ದಕ್ಕೆ ₹9, ₹12 ಮತ್ತು ₹15, ಒಟ್ಟು ₹36 ಅನ್ನು ನಾವು ಪಾವತಿಸಿದ ಖಾತೆಗೇ ಹಿಂದಿರುಗಿಸಿ, ಕೂಪನ್ ಬೇಡ. ಈ ಮಟ್ಟದ ಕೊಳೆತ ದಾರಿಯಲ್ಲಿ ಆಗುವಂಥದ್ದಲ್ಲ, ಆದ್ದರಿಂದ ಇದನ್ನು ಡೆಲಿವರಿ ಸಿಬ್ಬಂದಿಯ ಮೇಲಿನ ದೂರು ಎಂದು ದಾಖಲಿಸಬೇಡಿ. ನಿಮ್ಮ ಗೋದಾಮಿನಲ್ಲಿ ಪ್ಯಾಕ್ ಮಾಡುವ ಮುನ್ನ ತರಕಾರಿಯನ್ನು ಯಾರು, ಯಾವಾಗ ಪರೀಕ್ಷಿಸುತ್ತಾರೆ ಎಂದು ತಿಳಿಸಿ."

ಬೈಗುಳ ಇಲ್ಲ, "ಕೋರ್ಟಿಗೆ ಎಳೀತೀನಿ" ಅನ್ನೋದಿಲ್ಲ. ಬಳಸಿದ ಟೊಮ್ಯಾಟೊಗೆ ದುಡ್ಡು ಕೇಳದೇ ಇದ್ದದ್ದು ನಮ್ಮ ರೂಮಲ್ಲೇ ಜಗಳಕ್ಕೆ ಕಾರಣ ಆಯ್ತು. "₹5.76 ಆಗುತ್ತೆ ಮಗಾ, ಯಾಕೆ ಬಿಡ್ಬೇಕು?" ಅಂದ ನನ್ನ ರೂಮ್‌ಮೇಟ್. ತಿಂದದ್ದಕ್ಕೂ ದುಡ್ಡು ಕೇಳಿದ್ರೆ ತಿನ್ನದೇ ಬಿಸಾಕಿದ್ದರ ಬಗ್ಗೆ ಹೇಳಿದ ಮಾತೂ ಸುಳ್ಳಿನ ಥರ ಕಾಣುತ್ತೆ ಅನ್ನೋದು ನನ್ನ ಉತ್ತರ.

ಪತ್ರ ಕಳಿಸಿದ್ದು ಕಸ್ಟಮರ್ ಕೇರಿಗಲ್ಲ, ಕುಂದುಕೊರತೆ ಅಧಿಕಾರಿಗೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಕಂಪನಿ ಒಬ್ಬ ಕುಂದುಕೊರತೆ ಅಧಿಕಾರಿಯನ್ನ ನೇಮಿಸಿ, ಹೆಸರು ಮತ್ತು ಸಂಪರ್ಕ ವಿವರ ಆ್ಯಪಲ್ಲಿ ಹಾಕಬೇಕು. ದೂರು ಸಿಕ್ಕಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮಾಡದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೂ ಮಾತಾಡಬಹುದು. ಆದ್ರೆ ಸಹಾಯವಾಣಿ ಕಂಪನಿಯನ್ನ ಕೇಳಿ ರಾಜಿ ಮಾಡಿಸೋಕೆ ನೋಡುತ್ತೆ ಅಷ್ಟೇ, ಆದೇಶ ಕೊಡೋ ಅಧಿಕಾರ ಇರೋದು ಗ್ರಾಹಕರ ಆಯೋಗಕ್ಕೆ.

ನಮಗೆ ಅಲ್ಲಿವರೆಗೆ ಹೋಗೋ ಅಗತ್ಯ ಬೀಳಲಿಲ್ಲ. ಮಾರನೇ ದಿನ ಉತ್ತರ ಬಂತು, ಮೂರನೇ ದಿನ ₹36 ಖಾತೆಗೆ ಬಂತು. ಗೋದಾಮಿನ ಪ್ರಶ್ನೆಗೆ ಮಾತ್ರ "ಗುಣಮಟ್ಟ ತಂಡಕ್ಕೆ ತಿಳಿಸಿದ್ದೇವೆ" ಅನ್ನೋ ಒಂದೇ ಸಾಲು. ಅದು ಉತ್ತರ ಅಲ್ಲ ಅಂತ ಮತ್ತೆ ಬರೆದಿದ್ದೀವಿ.

₹36ಕ್ಕೆ ಇಷ್ಟೆಲ್ಲಾ ಬೇಕಾ ಅಂತ ಕೇಳ್ತೀರಿ. ಕೂಪನ್ ತಗೊಂಡು ಸುಮ್ಮನಾದ್ರೆ ಕಂಪನಿಗೆ ಕೊಳೆತ ಟೊಮ್ಯಾಟೊ ಆರಿಸಿ ತೆಗೆಯೋದಕ್ಕಿಂತ ಕೂಪನ್ ಹಂಚೋದೇ ಅಗ್ಗ ಆಗುತ್ತೆ. ಸ್ಟಾರ್ ಕಳೆದುಕೊಳ್ಳೋದು ನಮ್ಮ ವಯಸ್ಸಿನದೇ ಇನ್ನೊಬ್ಬ ಹುಡುಗ. ಎಲ್ಲಿ ಕೆಟ್ಟಿತು ಅಂತ ಬಿಡಿಸಿ ಬರೆದ ಪತ್ರ ಮಾತ್ರ ಗೋದಾಮಿನ ಬಾಗಿಲು ತಟ್ಟುತ್ತೆ.